ಫ್ರೆಶ್ ಕ್ರೀಮ್‌ಗೆ ಹೆಪ್ಪು ಹಾಕಿ ಸೌರ್ ಕ್ರೀಮ್

"ನಮ್ಮ ಊರಲ್ಲಿ ಸೌರ್ ಕ್ರೀಮ್ ಸಿಗಲ್ಲ. ಫ್ರೆಶ್ ಕ್ರೀಮ್‌ಗೆ ಒಂದು ಚಮಚ ಮೊಸರು ಹಾಕಿದ್ರೆ ಆಗುತ್ತಂತೆ, ಹೌದಾ? ನಾನು ಮಾಡಿದ್ದು ನೀರಾಗೇ ಉಳೀತು. ಅಡುಗೆಗೆ ಹೇಗೆ ಬಳಸೋದು?"

ಖಂಡಿತ ಆಗುತ್ತದೆ. ಬೆಣ್ಣೆ ತೆಗೆಯಲು ನಮ್ಮ ಮನೆಗಳಲ್ಲಿ ಕೆನೆಗೆ ಹೆಪ್ಪು ಹಾಕುತ್ತಾರಲ್ಲ, ಇದೂ ಅದೇ ಕೆಲಸ. ಕಡೆಯುವ ಮೊದಲೇ ನಿಲ್ಲಿಸುತ್ತೇವೆ, ಅಷ್ಟೇ. ನಿಮ್ಮದು ಪೂರ್ತಿ ಕೆಟ್ಟಿರಲಿಕ್ಕಿಲ್ಲ. ಬಹುಶಃ ಫ್ರಿಜ್‌ನಲ್ಲಿ ಇಡುವ ಮೊದಲೇ ನೋಡಿದ್ದೀರಿ, ಇಲ್ಲವೇ ಕ್ರೀಮ್ ತಣ್ಣಗಿದ್ದಾಗಲೇ ಮೊಸರು ಬೆರೆಸಿದ್ದೀರಿ.

ನಾನು ಮೈಸೂರಿನಲ್ಲಿ ಮಾಡುವ ರೀತಿ ಹೇಳುತ್ತೇನೆ. 250 ಮಿಲಿ ಕ್ರೀಮ್‌ಗೆ ಒಂದು ದೊಡ್ಡ ಚಮಚ ಮೊಸರು ಸಾಕು. ಪ್ಯಾಕೆಟ್ ಮೇಲೆ ಹಾಲಿನ ಕೊಬ್ಬು 25% ಎಂದಿದ್ದರೆ ಸರಿ. ಕೇಕ್ ಅಲಂಕಾರಕ್ಕೆ ಮಾರುವ ಸಿಹಿ ವಿಪ್ಪಿಂಗ್ ಕ್ರೀಮ್ ಬೇಡ. ಅದರಲ್ಲಿ ಎಷ್ಟೋ ಸಲ ಹಾಲಿನ ಬದಲು ವನಸ್ಪತಿ ಕೊಬ್ಬು ಇರುತ್ತದೆ.

ಮೊದಲು ಕ್ರೀಮನ್ನು ಪಾತ್ರೆಗೆ ಸುರಿದು ಉಗುರುಬೆಚ್ಚಗೆ ಮಾಡಿ. ಬೆರಳಿಟ್ಟರೆ ಸುಡಬಾರದು, ತಣ್ಣಗೂ ಅನ್ನಿಸಬಾರದು. ಪ್ಯಾಕೆಟ್ ಕ್ರೀಮನ್ನು ಮೊದಲೇ ಕಾಯಿಸಿ ಪ್ಯಾಕ್ ಮಾಡಿರುತ್ತಾರೆ, ಹಾಗಾಗಿ ಕುದಿಸುವ ಅಗತ್ಯವಿಲ್ಲ. ಡೈರಿಯಿಂದ ಬಿಡಿಯಾಗಿ ತಂದ ಹಸಿ ಕೆನೆಯಾದರೆ ಚೆನ್ನಾಗಿ ಕಾಯಿಸಿ, ಆರಿಸಿಯೇ ಮೊಸರು ಹಾಕಿ. ಮೊಸರು ಅದೇ ದಿನದ್ದಾಗಿರಲಿ, ಹುಳಿ ಬಂದದ್ದು ಬೇಡ. ಮೇಲಿನ ನೀರು ಬಿಟ್ಟು ಗಟ್ಟಿ ಭಾಗದಿಂದ ಒಂದು ಚಮಚ ತೆಗೆಯಿರಿ. ಬೇಗ ಆಗಲಿ ಎಂದು ಜಾಸ್ತಿ ಹಾಕಿದರೆ ತರಿತರಿಯಾಗುತ್ತದೆ. ಚೆನ್ನಾಗಿ ಕದಡಿ, ಮುಚ್ಚಿ, ಅಲುಗಾಡದ ಜಾಗದಲ್ಲಿ ಇಡಿ.

ರಾತ್ರಿ ಹತ್ತಕ್ಕೆ ಇಟ್ಟರೆ ಬೇಸಿಗೆಯಲ್ಲಿ ಬೆಳಗ್ಗೆ ಆರೇಳರ ಹೊತ್ತಿಗೆ ಆಗಿರುತ್ತದೆ. ಡಿಸೆಂಬರ್ ಚಳಿಯಲ್ಲಿ ನನಗೆ ಮರುದಿನ ಮಧ್ಯಾಹ್ನದವರೆಗೂ ಕಾಯಬೇಕಾಗಿದೆ. ಆಗ ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಇಡುತ್ತೇನೆ. ಗಡಿಯಾರಕ್ಕಿಂತ ಪಾತ್ರೆಯನ್ನು ನೋಡಿ: ಪಾತ್ರೆ ಓರೆ ಮಾಡಿದರೆ ಕ್ರೀಮ್ ಒಟ್ಟಿಗೆ ಸ್ವಲ್ಪ ಜರುಗಬೇಕು, ಮೂಸಿದರೆ ಹಿತವಾದ ಹುಳಿ ವಾಸನೆ ಬರಬೇಕು. ಆ ಹೊತ್ತಿನಲ್ಲಿ ಅದು ಇಡ್ಲಿ ಹಿಟ್ಟಿನ ಹದಕ್ಕೇ ಇರುತ್ತದೆ, ಹೆದರಬೇಡಿ. ಕಲಕದೆ ಹಾಗೇ ಐದಾರು ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದಂತೆ ಕೊಬ್ಬು ಬಿಗಿಯುತ್ತದೆ, ಆಗಲೇ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾಗುವುದು. ಇನ್ನೂ ದಪ್ಪ ಬೇಕಿದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದೆರಡು ಗಂಟೆ ಫ್ರಿಜ್ ಒಳಗೇ ನೀರು ಇಳಿಸಿ.

ಮೇಲೆ ಸ್ವಲ್ಪ ನೀರು ಬಿಟ್ಟಿದ್ದರೆ ಬೆರೆಸಿಬಿಡಿ, ತೊಂದರೆಯಿಲ್ಲ. ಗುಲಾಬಿ, ಹಸಿರು ಅಥವಾ ಕಪ್ಪು ಬಣ್ಣ ಕಂಡರೆ, ಕೊಳೆತ ವಾಸನೆ ಬಂದರೆ, ಮೇಲಿನದು ಮಾತ್ರ ತೆಗೆಯದೆ ಪೂರ್ತಿ ಎಸೆಯಿರಿ. ನಾನು ಐದಾರು ದಿನದೊಳಗೆ ಮುಗಿಸುತ್ತೇನೆ, ಒಣ ಚಮಚ ಮಾತ್ರ ಹಾಕುತ್ತೇನೆ. ಇನ್ನು ಕ್ರೀಮ್‌ಗೆ ನಿಂಬೆರಸ ಹಿಂಡುವ ಅಡ್ಡದಾರಿ ಇದೆ. ದಪ್ಪ ಆಗುತ್ತದೆ, ಹುಳಿಯೂ ಬರುತ್ತದೆ. ಆದರೆ ಹೆಪ್ಪು ಹಾಕಿದ ಘಮ ಅದರಲ್ಲಿ ಇರುವುದೇ ಇಲ್ಲ.

ಬಳಸುವಾಗ ಎಲ್ಲರೂ ಎಡವುವುದು ಬಿಸಿಯಲ್ಲಿ. ಒಮ್ಮೆ ಅಣಬೆ ಗ್ರೇವಿ ಕೊತಕೊತ ಕುದಿಯುವಾಗ ಅರ್ಧ ಬಟ್ಟಲು ಸುರಿದುಬಿಟ್ಟೆ. ಎರಡೇ ನಿಮಿಷದಲ್ಲಿ ಒಡೆದ ಹಾಲಿನ ಹಾಗೆ ತರಿತರಿಯಾಯಿತು. ಮೊದಲೇ ಹುಳಿಯಾದ ಹಾಲಿನ ಪದಾರ್ಥಕ್ಕೆ ಜೋರು ಬಿಸಿ ತಾಗಿದರೆ ಅದರ ಪ್ರೋಟೀನ್ ಮುದ್ದೆಗಟ್ಟುತ್ತದೆ. ಕೊಬ್ಬು ಕಡಿಮೆ ಇದ್ದಷ್ಟೂ ಬೇಗ ಒಡೆಯುತ್ತದೆ. ಈಗ ಹೀಗೆ ಮಾಡುತ್ತೇನೆ: ಎರಡು ಚಮಚ ಬೆಣ್ಣೆಯಲ್ಲಿ ಈರುಳ್ಳಿ, 200 ಗ್ರಾಂ ಅಣಬೆ ಹುರಿದು, ಒಂದು ಚಿಕ್ಕ ಚಮಚ ಮೈದಾ ಉದುರಿಸಿ, ಅರ್ಧ ಲೋಟ ನೀರು ಹಾಕಿ ಬೇಯಿಸುತ್ತೇನೆ. ಒಲೆ ಆರಿಸಿ ಎರಡು ನಿಮಿಷ ಬಿಡುತ್ತೇನೆ. ಬಟ್ಟಲಲ್ಲಿ ನಾಲ್ಕು ದೊಡ್ಡ ಚಮಚ ಸೌರ್ ಕ್ರೀಮ್‌ಗೆ ಎರಡು ಚಮಚ ಬಿಸಿ ಗ್ರೇವಿ ಬೆರೆಸಿ, ಆಮೇಲೆ ಪಾತ್ರೆಗೆ ಸೇರಿಸುತ್ತೇನೆ. ಮತ್ತೆ ಕುದಿಸುವುದಿಲ್ಲ. ಕಾಳುಮೆಣಸು, ಉಪ್ಪು ಸಾಕು. ಚಪಾತಿಗೂ ಅನ್ನಕ್ಕೂ ತುಂಬಾ ಚೆನ್ನಾಗಿರುತ್ತದೆ.

ಬಿಸಿ ಇಲ್ಲದ ಕಡೆ ಈ ಚಿಂತೆಯೇ ಇಲ್ಲ. ಬೇಯಿಸಿದ ಆಲೂಗಡ್ಡೆ ಸೀಳಿ ಅದರ ಮೇಲೆ ಹಾಕಿ. ಬೆಳ್ಳುಳ್ಳಿ ಜಜ್ಜಿ, ಕೊತ್ತಂಬರಿ ಸೊಪ್ಪು ಸೇರಿಸಿದರೆ ಚಿಪ್ಸ್ ಅದ್ದಿ ತಿನ್ನಲು ಡಿಪ್ ಆಗುತ್ತದೆ.

ಮೂರ್ನಾಲ್ಕು ದಿನ ಕಳೆದು ಹುಳಿ ಜಾಸ್ತಿಯಾದದ್ದನ್ನು ನಾನು ಕೇಕ್‌ಗೆ ಹಾಕುತ್ತೇನೆ. ಅರ್ಧ ಕಪ್ ಸೌರ್ ಕ್ರೀಮ್‌ಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿದರೆ ಹುಳಿಯೂ ಸೋಡಾವೂ ಸೇರಿ ನೊರೆ ಏಳುತ್ತದೆ. ಹಿಟ್ಟು ಕಲಸಿದ ಮೇಲೆ ತಡ ಮಾಡದೆ ಬೇಯಲು ಇಡಿ, ನೊರೆ ಕುಗ್ಗಿದರೆ ಕೇಕ್ ಉಬ್ಬುವುದಿಲ್ಲ.