ಬದಲಿ ಟೀಚರ್‌ಗೆ ಉತ್ತರ ಮಾತ್ರ ಬರೆದಿಟ್ಟು ಹೋಗಬೇಡಿ

ಪ್ರಶ್ನೆ: ಎರಡು ದಿನ ರಜೆ ಹಾಕ್ತಿದ್ದೇನೆ. ನನ್ನ ಆರನೇ ಕ್ಲಾಸಿಗೆ ಬರೋ ಟೀಚರ್‌ಗೆ ಗಣಿತ ಅಷ್ಟಾಗಿ ಬರಲ್ಲ. ಪಾಠ ನಿಲ್ಲದೆ ಮುಂದಕ್ಕೆ ಹೋಗೋ ಹಾಗೆ ಪ್ಲಾನ್ ಹೇಗೆ ಬರೆದಿಡಲಿ?

ಪಾಠ ಮುಂದಕ್ಕೆ ಹೋಗಲೇಬೇಕು ಅಂತ ಯಾಕೆ ಹಟ? ನನಗೂ ಇದೇ ಹಟ ಇತ್ತು. ಪುತ್ತರಿ ಹಬ್ಬಕ್ಕೆ ವಿರಾಜಪೇಟೆ ಹತ್ತಿರದ ತವರುಮನೆಗೆ ಹೋಗುವಾಗ ಮುಂದಿನ ಎರಡು ದಿನವೂ ರಜೆ ಹಾಕಿದ್ದೆ. ಆರನೇ ಕ್ಲಾಸಿಗೆ ಆಗಷ್ಟೇ ಭಿನ್ನರಾಶಿ ಕೂಡುವುದನ್ನು ಶುರು ಮಾಡಿದ್ದೆ. ನನ್ನ ಪೀರಿಯಡ್ ತೆಗೆದುಕೊಂಡವರು ನಮ್ಮ ಕನ್ನಡ ಮೇಷ್ಟ್ರು. ಪಾಪ, ಒಳ್ಳೆಯವರು. ಒಂದು ಹಾಳೆಯಲ್ಲಿ ಹತ್ತು ಲೆಕ್ಕ ಬರೆದು, ಪಕ್ಕದಲ್ಲೇ ಉತ್ತರ ಬರೆದು, ಕೆಳಗೆ ‘ಡೌಟ್ ಬಂದ್ರೆ ಫೋನ್ ಮಾಡಿ ಸರ್’ ಅಂತ ಸೇರಿಸಿದ್ದೆ. ನಮ್ಮ ತೋಟದ ಮನೆಯಲ್ಲಿ ಫೋನ್ ಹಿಡಿದು ಅಂಗಳದ ಮೂಲೆಗೆ ಹೋಗಿ ನಿಂತರೆ ಮಾತ್ರ ನೆಟ್‌ವರ್ಕ್ ಸಿಗೋದು. ಅದು ನೆನಪಾಗಿದ್ದು ಅಲ್ಲಿಗೆ ಹೋದ ಮೇಲೆ.

ವಾಪಸ್ ಬಂದು ನೋಟ್‌ಬುಕ್ ತೆರೆದರೆ ಎಲ್ಲಾ ಕಡೆ ಕೆಂಪು. ಒಂದು ಲೆಕ್ಕ ಹೇಳ್ತೀನಿ: 1/4 + 1/6. ನನ್ನ ಹಾಳೆಯಲ್ಲಿದ್ದ ಉತ್ತರ 5/12. ಮುಂದಿನ ಬೆಂಚಿನ ಹುಡುಗಿ ಛೇದಗಳನ್ನು ಗುಣಿಸಿ 24 ಮಾಡಿಕೊಂಡು, 6/24 + 4/24 = 10/24 ಅಂತ ಬರೆದಿದ್ದಳು. ಅದು ಸರಿಯೇ, ಸುಲಭ ರೂಪಕ್ಕೆ ತಂದಿಲ್ಲ ಅಷ್ಟೇ. ಅವಳ ಪಕ್ಕದ ಹುಡುಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/10 ಬರೆದಿದ್ದ. ಅದು ಪೂರ್ತಿ ತಪ್ಪು. ಹಾಳೆಯಲ್ಲಿ ಇರೋದು 5/12 ಮಾತ್ರ, ಹಾಗಾಗಿ ಮೇಷ್ಟ್ರು ಇಬ್ಬರಿಗೂ ಒಂದೇ ಥರದ ಇಂಟು ಹಾಕಿದ್ದರು. ತಪ್ಪು ಅವರದ್ದಲ್ಲ, ನನ್ನದು. ನಾನು ಉತ್ತರ ಬರೆದಿದ್ದೆನೇ ಹೊರತು, ಬೇರೆ ಉತ್ತರ ಬಂದರೆ ಏನು ಅರ್ಥ ಅಂತ ಬರೆದಿರಲಿಲ್ಲ.

ಆಮೇಲೆ ಆಗಿದ್ದು ಇನ್ನೂ ಕಷ್ಟ. ಆ ಹುಡುಗಿ ತನ್ನ ದಾರಿಯೇ ತಪ್ಪು ಅಂದುಕೊಂಡು ಎರಡನೇ ದಿನ ಅದನ್ನು ಬಿಟ್ಟು, ಪಕ್ಕದವನ ಥರ 2/10 ಮಾದರಿಯಲ್ಲೇ ಕೂಡೋಕೆ ಶುರು ಮಾಡಿದ್ದಳು. ಅದನ್ನು ಬಿಡಿಸೋಕೆ ನನಗೆ ಎರಡು ವಾರ ಬೇಕಾಯ್ತು. ಎರಡು ದಿನ ಸುಮ್ನೆ ಕಥೆ ಹೇಳಿಸಿದ್ದರೂ ಇಷ್ಟು ನಷ್ಟ ಆಗ್ತಿರಲಿಲ್ಲ.

ಹಾಗಾಗಿ ಹೊಸ ಪಾಠ ಬೇಡ. ನೀವು ಆಗಲೇ ಕಲಿಸಿದ್ದನ್ನು, ಮಕ್ಕಳು ತಾವೇ ಸರಿನೋಡಿಕೊಳ್ಳೋ ಥರ ಕೊಡಿ. ಈಗ ನಾನು ಬಿಟ್ಟು ಹೋಗೋದು ಹೀಗೆ. ಚೌಕುಳಿ ಪುಸ್ತಕದ ಹಾಳೆಯಿಂದ 12 ಮನೆ ಇರೋ ಉದ್ದ ಪಟ್ಟಿ, ಇಬ್ಬರಿಗೆ ಒಂದು. 1/4 ಅಂದರೆ 3 ಮನೆಗೆ ಬಣ್ಣ, 1/6 ಅಂದರೆ ಇನ್ನೂ 2 ಮನೆಗೆ. ಎಣಿಸಿದರೆ 12ರಲ್ಲಿ 5. ಇದಕ್ಕೆ ಗಣಿತದ ಟೀಚರೇ ಬೇಕಂತಿಲ್ಲ, ಎಣಿಸೋಕೆ ಬಂದರೆ ಸಾಕು. ಲೆಕ್ಕಗಳನ್ನು ಆರಿಸೋವಾಗ ಛೇದ 2, 3, 4, 6 ಮಾತ್ರ ಇರೋ ಹಾಗೆ ನೋಡ್ಕೋತೀನಿ. 1/5 ಬಂದರೆ 12 ಮನೆಯ ಪಟ್ಟಿ ಕೈಕೊಡುತ್ತೆ. ಸ್ಮಾರ್ಟ್‌ಬೋರ್ಡ್, ವಿಡಿಯೋ ಯಾವುದನ್ನೂ ಪ್ಲಾನಿಗೆ ಸೇರಿಸಲ್ಲ. ನಮ್ಮೂರಿನ ಮಳೆ, ಕರೆಂಟು ನಿಮಗೂ ಗೊತ್ತಲ್ವಾ.

ಆರು ಲೆಕ್ಕ ಸಾಕು, ಹತ್ತು ಜಾಸ್ತಿ. ಪ್ರತಿ ಲೆಕ್ಕದ ಪಕ್ಕ ಮೂರು ಸಾಲು ಬರೆಯುತ್ತೇನೆ:

‘5/12 ಸರಿ. 10/24 ಕೂಡ ಸರಿ, ಟಿಕ್ ಹಾಕಿ. 2/10 ಬಂದರೆ ಇಂಟು ಹಾಕಬೇಡಿ. 2/10 ಅಂದರೆ 1/5. ಅದು 1/4ಕ್ಕಿಂತಲೂ ಚಿಕ್ಕದು. ಕೂಡಿದ ಮೇಲೆ ಕಮ್ಮಿ ಆಗುತ್ತಾ ಅಂತ ಕೇಳಿ, ಪಟ್ಟಿಗೆ ಬಣ್ಣ ಹಚ್ಚಿಸಿ.’

ಇದನ್ನು ಬರೆಯೋಕೆ ಅರ್ಧ ಗಂಟೆ ಬೇಕು. ಮಕ್ಕಳು ಯಾವ ತಪ್ಪು ಮಾಡ್ತಾರೆ ಅಂತ ನಿಮಗೆ ಮಾತ್ರ ಗೊತ್ತು, ಹಾಗಾಗಿ ಬೇರೆ ಯಾರೂ ಬರೆದುಕೊಡೋಕಾಗಲ್ಲ. ಮುಗಿದ ಮೇಲೆ ಗಣಿತ ಓದದ ಒಬ್ಬರ ಕೈಗೆ ಕೊಟ್ಟು ಓದಿಸಿ. ನಾನು ನಮ್ಮ ಯಜಮಾನರಿಗೆ ಕೊಟ್ಟೆ. ಅವರು ‘ಛೇದ ಅಂದ್ರೆ ಮೇಲಿಂದಾ ಕೆಳಗಿಂದಾ?’ ಅಂದರು. ಅವತ್ತಿನಿಂದ ‘ಕೆಳಗಿನ ಅಂಕಿ’ ಅಂತಲೇ ಬರೆಯುತ್ತಿದ್ದೇನೆ.

ಸಮಯ, ಹಾಜರಿ, ಬಸ್ಸಿನ ಮಕ್ಕಳು ಬೇಗ ಹೊರಡೋದು, ಇದೆಲ್ಲ ಮೇಲಿನ ಎರಡು ಸಾಲಲ್ಲಿ ಮುಗಿಸಿ. ಹಾಳೆಯ ಕೊನೆಗೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ: ‘ಕೊನೇ ಲೆಕ್ಕ ಬೋರ್ಡಿನಿಂದ ಒರೆಸಬೇಡಿ, ಪಟ್ಟಿಗಳನ್ನು ನನ್ನ ಮೇಜಿನ ಮೇಲಿಡಿ.’ ವಾಪಸ್ ಬಂದಾಗ ನಾನು ಹಾಜರಿ ಪುಸ್ತಕಕ್ಕಿಂತ ಮೊದಲು ನೋಡೋದು ಅದನ್ನೇ.