ಪಾಷಾಣ್ ಕೆರೆಯ ಒಣಮರದ ಮೇಲಿರುವುದು ನೀರುಕಾಗೆಯೋ, ಹಾವಕ್ಕಿಯೋ?

ಪ್ರಶ್ನೆ: ಪುಣೆಯ ಪಾಷಾಣ್ ಕೆರೆಯಲ್ಲಿ ಬೆಳಿಗ್ಗೆ ಒಂದಷ್ಟು ಫೋಟೋ ತೆಗೆದೆ. ಒಣಮರದ ಮೇಲೆ ಕಪ್ಪು ಹಕ್ಕಿಗಳು ರೆಕ್ಕೆ ಬಿಚ್ಚಿಕೊಂಡು ಕೂತಿವೆ. ಕೆಲವರು ನೀರುಕಾಗೆ ಅಂತಾರೆ, ಕೆಲವರು ಹಾವಕ್ಕಿ ಅಂತಾರೆ. ಫೋಟೋ ನೋಡಿ ಹೇಗೆ ಹೇಳೋದು?

ಉತ್ತರ:

ಮೊದಲು ಕೊಕ್ಕಿನ ತುದಿಯನ್ನು ನೋಡಿ, ಆಮೇಲೆ ಕತ್ತು ಎಲ್ಲಿ ಮಡಿಯುತ್ತದೆ ಎಂಬುದನ್ನು ನೋಡಿ, ರೆಕ್ಕೆ ಬಿಚ್ಚಿದ ಭಂಗಿಯನ್ನು ಕೊನೆಗೆ ಇಟ್ಟುಕೊಳ್ಳಿ. ಕಣ್ಣಿಗೆ ಮೊದಲು ಬೀಳುವುದು ರೆಕ್ಕೆಯೇ ಆದ್ದರಿಂದ ಹೆಚ್ಚಿನವರು ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಎರಡು ಬಗೆಯ ಹಕ್ಕಿಗಳೂ ರೆಕ್ಕೆ ಬಿಚ್ಚಿ ಕೂರುವುದರಿಂದ ಆ ಭಂಗಿಯೊಂದನ್ನೇ ನಂಬಿ ಹೆಸರು ಹೇಳಲು ಬರುವುದಿಲ್ಲ.

ನಾನು ಪುಣೆಗೆ ಬಂದು ಹದಿನೆಂಟು ವರ್ಷಗಳಾದವು. ಇಲ್ಲಿನ ಮರಾಠಿ ಗೆಳೆಯರು ನೀರುಕಾಗೆಗೆ ‘ಪಾಣಕಾವಳಾ’ ಎನ್ನುತ್ತಾರೆ. ಅದು ನಮ್ಮ ಹೆಸರಿನ ಅರ್ಥವೇ. ಹಾವಕ್ಕಿಗೆ ಮಾತ್ರ ಅವರು ‘ತಿರಂದಾಜ್’, ಅಂದರೆ ಬಿಲ್ಲುಗಾರ, ಎನ್ನುತ್ತಾರೆ. ಕನ್ನಡದ ಹೆಸರು ಹಕ್ಕಿಯ ಕತ್ತನ್ನು ನೋಡಿ ಇಟ್ಟದ್ದು, ಮರಾಠಿಯ ಹೆಸರು ಆ ಕತ್ತು ಮಾಡುವ ಕೆಲಸವನ್ನು ನೋಡಿ ಇಟ್ಟದ್ದು. ಎರಡನ್ನೂ ಜೊತೆಗಿಟ್ಟು ಯೋಚಿಸಿದರೆ ಫೋಟೋದಲ್ಲಿ ಏನನ್ನು ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನೀರುಕಾಗೆ ನೀರಿನೊಳಗೆ ಮೀನನ್ನು ಬೆನ್ನಟ್ಟಿ ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ. ಜಾರುವ ಮೀನು ತಪ್ಪಿಸಿಕೊಳ್ಳದಂತೆ ಅದರ ಮೇಲಿನ ಕೊಕ್ಕಿನ ತುದಿ ಕೆಳಕ್ಕೆ ಬಾಗಿ, ಮಾವಿನಕಾಯಿ ಕೀಳುವ ದೋಟಿಯ ಕೊಕ್ಕೆಯ ಹಾಗೆ ಇಳಿದಿರುತ್ತದೆ. ಹಾವಕ್ಕಿ ಕಚ್ಚುವುದಿಲ್ಲ, ಚುಚ್ಚುತ್ತದೆ. ಅದರ ಕೊಕ್ಕು ಬುಡದಿಂದ ತುದಿಯವರೆಗೆ ಒಂದೇ ನೇರಕ್ಕೆ ಚೂಪಾಗುತ್ತಾ ಹೋಗುವ ದಬ್ಬಣ. ತುದಿಯಲ್ಲಿ ಕೊಕ್ಕೆಯೆಂಬುದೇ ಇಲ್ಲ. ಖಡಕವಾಸಲಾ ಹಿನ್ನೀರಿನಲ್ಲಿ ಒಮ್ಮೆ ತೀರ ಹತ್ತಿರದಲ್ಲಿ ಹಾವಕ್ಕಿಯೊಂದು ಮೇಲೆದ್ದಾಗ ಅಂಗೈಯಷ್ಟಗಲದ ಮೀನು ಅದರ ಕೊಕ್ಕಿಗೆ ಪಕ್ಕೆಯಿಂದ ಸಿಕ್ಕಿಕೊಂಡಿತ್ತು. ಹಕ್ಕಿ ತಲೆಯನ್ನು ಎರಡು ಮೂರು ಸಲ ಒದರಿ ಅದನ್ನು ಸಡಿಲಿಸಿತು, ಗಾಳಿಗೆ ಎಸೆಯಿತು, ತಲೆ ಮುಂದಾಗಿ ಬೀಳುವಂತೆ ಹಿಡಿದು ನುಂಗಿತು. ಕೊಕ್ಕೆಯಿದ್ದಿದ್ದರೆ ಮೀನನ್ನು ಹಾಗೆ ಸುಲಭವಾಗಿ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದು ನನಗೆ ಆ ಹೊತ್ತಿಗೆ ಅನ್ನಿಸಿತ್ತು.

ಕೊಕ್ಕು ತಲೆಗೆ ಕೂಡುವ ಜಾಗವನ್ನೂ ಗಮನಿಸಿ. ಹಾವಕ್ಕಿಯ ತಲೆ ಕತ್ತಿಗಿಂತ ಅಷ್ಟೇನೂ ದಪ್ಪವಿಲ್ಲ, ಹಣೆಯ ಗೆರೆ ನಿಲ್ಲದೆ ಕೊಕ್ಕಿಗೆ ಇಳಿಯುತ್ತದೆ. ಹಾಗಾಗಿ ಕತ್ತು, ತಲೆ, ಕೊಕ್ಕು ಮೂರೂ ಒಂದೇ ಕೋಲನ್ನು ಚೂಪು ಮಾಡಿದಂತೆ ಕಾಣುತ್ತವೆ. ನೀರುಕಾಗೆಯಲ್ಲಿ ತಲೆ ಬೇರೆ, ಕೊಕ್ಕು ಬೇರೆ ಎಂದು ತಿಳಿಯುತ್ತದೆ. ಅದರಲ್ಲೂ ಸುಮಾರು 50 ಸೆಂ.ಮೀ. ಉದ್ದದ ಪುಟ್ಟ ನೀರುಕಾಗೆಯ ಹಣೆ ಕಡಿದಾಗಿ ಎದ್ದಿರುತ್ತದೆ, ಕೊಕ್ಕು ಮೋಟಾಗಿರುತ್ತದೆ. ಅದನ್ನು ಹಾವಕ್ಕಿಯೆಂದು ತಪ್ಪು ತಿಳಿಯುವುದು ಕಷ್ಟ. ತೊಂದರೆ ಕೊಡುವುದು ಅದಕ್ಕಿಂತ ದೊಡ್ಡದಾದ, ಸುಮಾರು 63 ಸೆಂ.ಮೀ. ಉದ್ದದ ಭಾರತೀಯ ನೀರುಕಾಗೆ. ಅದರ ಕತ್ತು ಸಪೂರ, ಕೊಕ್ಕು ಉದ್ದ ಮತ್ತು ತೆಳು, ಕೊಕ್ಕೆ ತೀರ ತುದಿಯಲ್ಲಿ ಅಷ್ಟೇ. ನಿಮ್ಮ ಗೆಳೆಯರಲ್ಲಿ ಎದ್ದಿರುವ ಜಗಳಕ್ಕೆ ಈ ಹಕ್ಕಿಯೇ ಕಾರಣವಿರಬಹುದು.

ಆ ಕೊಕ್ಕೆ ಫೋಟೋದಲ್ಲಿ ಎಷ್ಟು ಸಣ್ಣದೆಂದರೆ, ದೂರದ ಹಕ್ಕಿಯ ಕೊಕ್ಕು ನಲವತ್ತು ಪಿಕ್ಸೆಲ್ ಉದ್ದವಿದ್ದರೆ ಕೊಕ್ಕೆಗೆ ಸಿಗುವುದು ಮೂರೋ ನಾಲ್ಕೋ ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದಲ್ಲಿ ಮೊದಲು ಅಳಿಸಿಹೋಗುವುದು ಅದೇ. ಆದ್ದರಿಂದ ಯಾರಿಗಾದರೂ ತೋರಿಸುವಾಗ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ. ಹಕ್ಕಿ ನಿಮ್ಮ ಕಡೆಗೆ ಮುಖಮಾಡಿದ್ದರೆ ಕೊಕ್ಕೆ ಕಾಣುವುದೇ ಇಲ್ಲ, ಅಂಥ ಚಿತ್ರವನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಗತಾನೆ ನೀರಿನಿಂದ ಎದ್ದ ಹಕ್ಕಿಯ ಕೊಕ್ಕಿನ ತುದಿಯಲ್ಲಿ ತೂಗುವ ನೀರಿನ ಹನಿಯೂ ಕೊಕ್ಕೆಯಂತೆ ಕಂಡು ಮೋಸಮಾಡುತ್ತದೆ. ಮುಂದಿನ ಚಿತ್ರದಲ್ಲೂ ಅದು ಅಲ್ಲೇ ಇದೆಯೇ ಎಂದು ನೋಡಿದರೆ ಅನುಮಾನ ಹೋಗುತ್ತದೆ.

ಇನ್ನು ಕತ್ತು. ‘ಹಾವಿನಂಥ ಕತ್ತು’ ಎಂಬ ಮಾತನ್ನು ನಂಬಿ ಉದ್ದ ಕತ್ತಿನ ಹಕ್ಕಿಗಳನ್ನೆಲ್ಲ ಹಾವಕ್ಕಿ ಮಾಡಿಬಿಡುವುದುಂಟು. ಉದ್ದಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ಗೆಣ್ಣು. ಹಾವಕ್ಕಿಯ ಕತ್ತಿನ ಎಂಟನೆಯ ಮೂಳೆ ತನ್ನ ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಕೋನವಾಗಿ ಕೂಡಿಕೊಂಡಿರುತ್ತದೆ. ಆ ಜಾಗದಲ್ಲಿ ಕತ್ತು ಮಡಿಚಿಕೊಂಡು, ಬೇಟೆಯ ಹೊತ್ತಿಗೆ ಒಮ್ಮೆಲೇ ನೆಟ್ಟಗಾಗಿ ತಲೆಯನ್ನು ಮುಂದಕ್ಕೆ ಬಾಣದಂತೆ ಬಿಡುತ್ತದೆ. ಬಿಲ್ಲುಗಾರನೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸುಮ್ಮನೆ ಕೂತಾಗಲೂ ಆ ಗೆಣ್ಣು, ತಲೆಗೂ ಭುಜಕ್ಕೂ ನಡುವಿನ ಅರ್ಧಕ್ಕಿಂತ ಸ್ವಲ್ಪ ಮೇಲೆ, ಮುರಿದ ಕೋಲಿನ ಮೂಲೆಯ ಹಾಗೆ ಎದ್ದು ತೋರುತ್ತದೆ. ನೀರುಕಾಗೆಯ ಕತ್ತೂ ಬಾಗುತ್ತದೆ, ಆದರೆ ಅದು ಹಗ್ಗವನ್ನು ಸಡಿಲ ಬಿಟ್ಟಾಗ ಆಗುವ ನಯವಾದ ಬಾಗು. ಬೆರಳಿಟ್ಟು ‘ಇಲ್ಲೇ ಮಡಿದಿದೆ’ ಎಂದು ತೋರಿಸಲು ಅಲ್ಲಿ ಮೂಲೆಯಿರುವುದಿಲ್ಲ.

ಇಲ್ಲಿಯೂ ಎರಡು ಎಚ್ಚರಿಕೆಗಳಿವೆ. ಹಾವಕ್ಕಿ ಕತ್ತನ್ನು ಪೂರ್ತಿ ನೀಡಿದಾಗಲೂ ತಲೆಯನ್ನು ಬೆನ್ನಿಗೆ ಒರಗಿಸಿ ನಿದ್ದೆ ಮಾಡುವಾಗಲೂ ಗೆಣ್ಣು ಮರೆಯಾಗುತ್ತದೆ. ಇನ್ನೊಂದು ಕಡೆ, ನೀರುಕಾಗೆ ಎದೆಯ ಗರಿಗಳನ್ನು ಕೊಕ್ಕಿನಿಂದ ನೇವರಿಸುವಾಗ ಕತ್ತು ಚೂಪಾಗಿ ತಿರುಗಿ ಗೆಣ್ಣಿರುವಂತೆ ತೋರುತ್ತದೆ. ಒಂದೇ ಚಿತ್ರದಿಂದ ತೀರ್ಮಾನಿಸದೆ ಅದೇ ಹಕ್ಕಿಯ ನಾಲ್ಕೈದು ಚಿತ್ರಗಳನ್ನು ಸಾಲಾಗಿ ನೋಡಿ. ಹಾವಕ್ಕಿಯಾದರೆ ಮಡಿಕೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬರುತ್ತದೆ, ನೀರುಕಾಗೆಯಾದರೆ ಬಾಗು ಜಾಗ ಬದಲಿಸುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಬ್ಬು ಚಿತ್ರಗಳಲ್ಲಿ ಕೊಕ್ಕೆಗಿಂತ ಹೆಚ್ಚಾಗಿ ಕೈಹಿಡಿದಿರುವುದು ಇದೇ.

ರೆಕ್ಕೆಯ ವಿಷಯಕ್ಕೆ ಬರೋಣ. ಎರಡೂ ಹಕ್ಕಿಗಳ ಗರಿಗಳು ನೀರು ಕುಡಿಯುತ್ತವೆ, ಇಲ್ಲದಿದ್ದರೆ ಒಳಗೆ ಸಿಕ್ಕ ಗಾಳಿಯಿಂದ ಮೈ ಮೇಲಕ್ಕೇ ತೇಲಿ ಮುಳುಗುವುದು ಕಷ್ಟವಾಗುತ್ತದೆ. ನೀರುಕಾಗೆಯ ಗರಿಯ ಅಂಚು ನೆನೆದರೂ ನಡುವಿನ ಭಾಗ ನೀರನ್ನು ತಡೆಯುತ್ತದೆ. ಹಾವಕ್ಕಿ ಅದಕ್ಕಿಂತ ಬಹಳ ಹೆಚ್ಚು ನೆನೆಯುತ್ತದೆ, ಮೈಶಾಖವನ್ನೂ ಬೇಗ ಕಳೆದುಕೊಳ್ಳುತ್ತದೆ. ಅದರ ಅಮೆರಿಕದ ದಾಯಾದಿಯಾದ ಅನ್ಹಿಂಗಾವನ್ನು ಅಳೆದು ನೋಡಿದವರಿಗೆ, ಅದು ರೆಕ್ಕೆ ಬಿಚ್ಚುವುದು ಒಣಗಿಸಿಕೊಳ್ಳಲಷ್ಟೇ ಅಲ್ಲ, ಬಿಸಿಲಿಗೆ ಬೆನ್ನು ಕೊಟ್ಟು ಮೈ ಕಾಯಿಸಿಕೊಳ್ಳಲೂ ಹೌದು ಎಂದು ಕಂಡಿದೆ. ಹಾಗಾಗಿ ಗರಿಗಳು ಆಗಲೇ ಒಣಗಿ ಅರಳಿದ್ದರೂ ಸೂರ್ಯನಿಗೆ ಬೆನ್ನು ಮಾಡಿ, ರೆಕ್ಕೆಯನ್ನು ಪೂರ್ತಿ ಹರಡಿ, ಅಲುಗಾಡದೆ ಕೂತ ಹಕ್ಕಿ ಹಾವಕ್ಕಿಯಾಗಿರುವ ಸಾಧ್ಯತೆ ಹೆಚ್ಚು. ಇದು ಸುಳಿವು ಮಾತ್ರ, ಪುರಾವೆಯಲ್ಲ.

ಭಂಗಿಗಿಂತ ಉಪಯೋಗಕ್ಕೆ ಬರುವುದು ಆ ಭಂಗಿಯಲ್ಲಿ ಬಯಲಾಗುವ ಗರಿಗಳು. ಬೆಳೆದ ಹಾವಕ್ಕಿಯ ಭುಜದಿಂದ ರೆಕ್ಕೆಯ ಮೇಲ್ಭಾಗಕ್ಕೆ ಬೆಳ್ಳಿಬಣ್ಣದ ಉದ್ದ ಗೀರುಗಳು ಇಳಿದಿರುತ್ತವೆ. ಕಪ್ಪು ರೇಷ್ಮೆಯ ಮೇಲೆ ಜರಿಯೆಳೆ ಎಳೆದ ಹಾಗೆ. ಭಾರತೀಯ ಮತ್ತು ದೊಡ್ಡ ನೀರುಕಾಗೆಗಳ ಬೆನ್ನಿನ ಗರಿಗಳು ಕಂಚಿನ ಬಣ್ಣದವು, ಕಪ್ಪು ಅಂಚಿನಿಂದಾಗಿ ಮೀನಿನ ಹುರುಪೆಯ ಸಾಲಿನಂತೆ ಕಾಣುತ್ತವೆ. ಹಾವಕ್ಕಿಯ ಬಾಲ ಉದ್ದವಾಗಿ, ಬೀಸಣಿಗೆಯಂತೆ ಕೊಂಬೆಯ ಕೆಳಗೆ ಇಳಿಬೀಳುತ್ತದೆ. ಬಾಲದ ಉದ್ದವೊಂದನ್ನೇ ನೆಚ್ಚಬೇಡಿ, ಏಕೆಂದರೆ ಪುಟ್ಟ ನೀರುಕಾಗೆಯ ಬಾಲವೂ ಅದರ ಮೈಗೆ ಹೋಲಿಸಿದರೆ ಉದ್ದವೇ.

ಒಂದು ನಿಜವಾದ ಪ್ರಸಂಗವನ್ನು ಹೇಳುತ್ತೇನೆ. ಡಿಸೆಂಬರಿನ ಒಂದು ಬೆಳಿಗ್ಗೆ ಇಲ್ಲಿನ ಕನ್ನಡ ಬಳಗದ ಗೆಳೆಯರೊಬ್ಬರು ಖಡಕವಾಸಲಾದ ಬಂಡೆಯ ಮೇಲಿನ ಹಕ್ಕಿಯ ಚಿತ್ರ ಕಳಿಸಿ ಹಾವಕ್ಕಿ ಎಂದು ಬರೆದರು. ಎದುರು ಬೆಳಕಿನಲ್ಲಿ ಹಕ್ಕಿ ಪೂರ್ತಿ ಕಪ್ಪು ಆಕೃತಿಯಾಗಿತ್ತು, ರೆಕ್ಕೆ ಬಿಚ್ಚಿತ್ತು, ಕತ್ತು ನೀಳವಾಗಿ ಮೇಲೆದ್ದಿತ್ತು, ಕೊಕ್ಕು ತೆಳ್ಳಗೆ ಚೂಪಾಗಿತ್ತು, ನಾನೂ ಹೌದೆಂದೆ. ಸಂಜೆ ಮೂಲ ಫೈಲುಗಳನ್ನು ತರಿಸಿಕೊಂಡೆ, ಒಟ್ಟು ಆರು ಚಿತ್ರಗಳಿದ್ದವು. ಮೊಬೈಲಿನಲ್ಲೇ ನೆರಳಿನ ಭಾಗವನ್ನು ಬೆಳಗಿಸಿ ನೋಡಿದಾಗ ರೆಕ್ಕೆಯ ಮೇಲೆ ಬೆಳ್ಳಿ ಗೀರು ಒಂದೂ ಇರಲಿಲ್ಲ, ಹುರುಪೆಯಂಥ ಅಂಚುಗಳು ಮಸುಕಾಗಿ ಮೂಡಿದವು. ಎರಡನೆಯ ಮತ್ತು ನಾಲ್ಕನೆಯ ಚಿತ್ರಗಳಲ್ಲಿ ಕತ್ತು ತಗ್ಗಿದಾಗ ಬಾಗಿದ್ದು ಬುಡದ ಹತ್ತಿರ, ಮೇಲ್ಭಾಗ ಮೂಲೆಯಿಲ್ಲದೆ ನಯವಾಗಿತ್ತು. ಐದನೆಯದರಲ್ಲಿ ಹಕ್ಕಿ ಸರಿಯಾಗಿ ಪಕ್ಕಕ್ಕೆ ತಿರುಗಿತ್ತು, ಕೊಕ್ಕಿನ ತುದಿಯಲ್ಲಿ ಸಣ್ಣ ಕೊಕ್ಕೆ ಆಕಾಶಕ್ಕೆ ಎದುರಾಗಿ ಸ್ಪಷ್ಟವಾಗಿತ್ತು. ಅದು ಭಾರತೀಯ ನೀರುಕಾಗೆ. ಗುಂಪಿನಲ್ಲಿ ನನ್ನ ಮಾತನ್ನು ತಿದ್ದಿಕೊಂಡು ಐದನೆಯ ಚಿತ್ರವನ್ನೇ ಹಾಕಿದೆ.

ನಿಮ್ಮ ಚಿತ್ರಗಳಲ್ಲೂ ಮೊದಲು ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರುವ ಒಂದನ್ನು ಆರಿಸಿ, ತಲೆಯಷ್ಟನ್ನೇ ಕ್ರಾಪ್ ಮಾಡಿ ನೋಡಿ. ಬೆಳಕು ಚೆನ್ನಾಗಿದ್ದರೆ ಕಣ್ಣಿನ ಕೆಳಗಿನಿಂದ ಕತ್ತಿನ ಪಕ್ಕಕ್ಕೆ ಇಳಿಯುವ ಬಿಳಿ ಪಟ್ಟಿ ಮತ್ತು ಕಂದು ಕತ್ತು ಕಂಡರೆ ಅದು ಹಾವಕ್ಕಿಯೇ. ಮರಿ ಹಾವಕ್ಕಿಯಲ್ಲಿ ಕತ್ತು ಪೂರ್ತಿ ಪೇಲವವಾಗಿದ್ದು ಪಟ್ಟಿ ಸರಿಯಾಗಿ ತಿಳಿಯುವುದಿಲ್ಲ, ಆಗ ಮತ್ತೆ ದಬ್ಬಣದಂಥ ಕೊಕ್ಕಿಗೂ ಗೆಣ್ಣಿಗೂ ಮರಳಬೇಕು. ಒಂದೇ ಕೊಂಬೆಯಲ್ಲಿ ಎರಡು ಬಗೆಯವು ಜೊತೆಯಾಗಿ ಕೂರುವುದೂ ಸಾಮಾನ್ಯ. ಹಾವಕ್ಕಿ 85 ಸೆಂ.ಮೀ.ಗಿಂತ ಉದ್ದವಿರುವುದರಿಂದ ಪಕ್ಕದಲ್ಲಿರುವ ಪುಟ್ಟ ನೀರುಕಾಗೆ ಅದರ ಮುಂದೆ ಮರಿಯಂತೆ ಕಾಣುತ್ತದೆ. ನಿಮ್ಮ ಮರದ ಮೇಲೆ ಅನೇಕ ಹಕ್ಕಿಗಳಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ನೋಡಿ, ನಿಮ್ಮ ಗೆಳೆಯರ ಎರಡೂ ಉತ್ತರಗಳು ಬೇರೆಬೇರೆ ಕೊಂಬೆಗೆ ಸರಿಯಾಗಿರಬಹುದು.