ಗೋಡೆಯ ಶೇಡ್ ಬದಲಾದರೆ ಸೀಲಿಂಗೂ ಬದಲಾಗಬೇಕು

ಪ್ರಶ್ನೆ: ಅಂಗಡಿಯ ಟಿವಿಯಲ್ಲಿ ತೋರಿಸೋಕೆ ಒಂದೇ ಹಾಲ್‌ಗೆ ಆರು ಶೇಡ್ ಹಾಕಿ ಚಿತ್ರ ಮಾಡಿಸಿದ್ದೇನೆ. ಹಗಲಿನ ಬೆಳಕು ಎಲ್ಲದಕ್ಕೂ ಒಂದೇ ಇರಬೇಕು ಅಂತ ಹೇಳಿಯೇ ಮಾಡಿಸಿದ್ದು. ನೋಡೋಕೆ ಎಲ್ಲವೂ ಚೆನ್ನಾಗಿವೆ. ಆದರೆ ಗಾಢ ಶೇಡ್ ಬಳಿಸಿದವರು ವಾಪಸ್ ಬಂದು "ಚಿತ್ರದಲ್ಲಿ ಹೀಗಿರಲಿಲ್ಲ, ಹಾಲ್ ಕತ್ತಲೆ ಆಗಿದೆ" ಅಂತ ಜಗಳ ಆಡುತ್ತಾರೆ. ತಪ್ಪು ಪೇಂಟಿನದೋ ಚಿತ್ರದ್ದೋ?
– ಪೇಂಟ್ ಡೀಲರ್, ಗೋಣಿಕೊಪ್ಪ

ಚಿತ್ರದ್ದು. ನೀವು ಕಳಿಸಿದ ಆರೂ ಚಿತ್ರ ನೋಡಿದೆ. ಗೋಡೆ ನೋಡಲಿಲ್ಲ, ಸೀಲಿಂಗ್ ನೋಡಿದೆ. ಆರರಲ್ಲೂ ಒಂದೇ ಬಿಳಿ. ಅಲ್ಲಿಗೆ ಗೊತ್ತಾಯಿತು, ಮಾಡಿದವರು ಒಂದು ಫೋಟೋ ತೆಗೆದುಕೊಂಡು ಗೋಡೆಯ ಭಾಗ ಮಾತ್ರ ಕತ್ತರಿಸಿ, ಅದಕ್ಕೆ ಬಣ್ಣ ತುಂಬಿದ್ದಾರೆ. ಇಂಥ ಚಿತ್ರ ನನಗೆ ಎಲ್ಲ ಕಡೆಯಿಂದ ಬರುತ್ತದೆ, ಪ್ರತಿಯೊಬ್ಬರೂ "ಬೆಳಕು ಒಂದೇ ಇಟ್ಟಿದ್ದೇವೆ ಸರ್" ಅಂತಲೇ ಹೇಳುತ್ತಾರೆ. ಇಟ್ಟಿಲ್ಲ. ಅವರು ಒಂದೇ ಇಟ್ಟಿದ್ದು ಚಿತ್ರದ ಹೊಳಪನ್ನು.

ಕಿಟಕಿಯಿಂದ ಒಳಗೆ ಬರುವ ಬೆಳಕು ಎಲ್ಲ ಚಿತ್ರಕ್ಕೂ ಒಂದೇ ಇರಬೇಕು, ಸರಿ. ಆದರೆ ಒಳಗೆ ಬಂದ ಮೇಲೆ ಆ ಬೆಳಕು ಏನಾಗುತ್ತದೆ ಅನ್ನುವುದು ಗೋಡೆಗೆ ಬಿಟ್ಟದ್ದು. ನೆಲಕ್ಕೆ ಬಿದ್ದು, ಗೋಡೆಗೆ ಹೊಡೆದು, ಅಲ್ಲಿಂದ ಸೀಲಿಂಗಿಗೆ ಹೋಗಿ, ಮತ್ತೆ ಎದುರು ಗೋಡೆಗೆ ಬರುತ್ತದೆ. ಪ್ರತಿ ಸಲ ಬಡಿದಾಗಲೂ ಗೋಡೆ ಒಂದಷ್ಟು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕೊಡುತ್ತದೆ. ನೂರರಲ್ಲಿ ಎಷ್ಟು ವಾಪಸ್ ಕೊಡುತ್ತದೆ ಅನ್ನುವುದನ್ನೇ ಶೇಡ್ ವಿವರದಲ್ಲಿ ಎಲ್‌ಆರ್‌ವಿ ಅಂತ ಕೊಡುವುದು. ಅದನ್ನು ಯಾಕೆ ಯಾರೂ ಓದುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ನಿಮ್ಮ ಹಾಲನ್ನೇ ತೆಗೆದುಕೊಳ್ಳಿ. 12 ಅಡಿಗೆ 14 ಅಡಿ, ಎತ್ತರ 10 ಅಡಿ. ಒಂದು ಕಿಟಕಿ, ಬಿಳಿ ಸೀಲಿಂಗ್, ರೆಡ್ ಆಕ್ಸೈಡ್ ನೆಲ. ಗೋಡೆಗಳೇ 520 ಚದರಡಿ ಆಯಿತು, ನೆಲ ಮತ್ತು ಸೀಲಿಂಗ್ ತಲಾ 168. ಅಂದರೆ ಈ ಹಾಲ್‌ನಲ್ಲಿ ಜಾಸ್ತಿ ಇರುವುದೇ ಗೋಡೆ. ಎಲ್‌ಆರ್‌ವಿ 80 ಇರುವ ಆಫ್‌ವೈಟ್ ಬಳಿದರೆ, ಬಡಿದು ಬಡಿದು ಹರಡುವ ಬೆಳಕು ಕಿಟಕಿಯಿಂದ ನೇರ ಬಂದದ್ದರ ಸುಮಾರು ಎರಡರಷ್ಟು ಸೇರಿಕೊಳ್ಳುತ್ತದೆ. ಅದೇ ಹಾಲ್‌ಗೆ 45ರ ಎಲೆಹಸಿರು ಬಳಿದರೆ ಹೀಗೆ ಸೇರುವ ಬೆಳಕು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. 12ರ ಗಾಢ ನೀಲಿಹಸಿರಿಗೆ ಹೋದರೆ ಸುಮಾರು ಆರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಇದು ಒರಟು ಲೆಕ್ಕ, ಸೋಫಾ, ಪರದೆ, ಬೀರು ಎಲ್ಲ ಸೇರಿಸಿದರೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ನಿಮ್ಮ ಗಿರಾಕಿ ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಮೊದಲು ಕತ್ತಲಾಗುವುದು ಎಲ್ಲಿ ಗೊತ್ತಾ? ಕಿಟಕಿ ಇರುವ ಗೋಡೆಯೇ. ಅದಕ್ಕೆ ನೇರ ಬೆಳಕು ಒಂದು ಚೂರೂ ಬೀಳುವುದಿಲ್ಲ, ಅದು ಬದುಕುವುದೇ ಎದುರು ಗೋಡೆ ಮತ್ತು ಸೀಲಿಂಗ್ ಕೊಡುವ ಬೆಳಕಿನಲ್ಲಿ. ಎದುರು ಗೋಡೆಗಾದರೆ ಕಿಟಕಿಯ ಬೆಳಕು ನೇರ ಸಿಗುತ್ತದೆ, ಅಲ್ಲಿ ಶೇಡ್ ಹೆಚ್ಚುಕಡಿಮೆ ಕಾರ್ಡಿನಲ್ಲಿ ಇದ್ದ ಹಾಗೇ ಕಾಣುತ್ತದೆ. ಒಂದೇ ಡಬ್ಬಿಯ ಪೇಂಟ್, ಎರಡು ಗೋಡೆಯಲ್ಲಿ ಎರಡು ಬಣ್ಣ. ನಿಮ್ಮ ಆರು ಚಿತ್ರದಲ್ಲಿ ಇದು ಒಂದರಲ್ಲೂ ಇಲ್ಲ.

ಇದಕ್ಕೆ ನೆಲವನ್ನೂ ಸೇರಿಸಿ. ನಮ್ಮ ಕಡೆಯ ಹಳೇ ಮನೆಗಳ ಕೆಂಪು ನೆಲ ಬೆಳಕನ್ನು ವಾಪಸ್ ಕೊಡುವುದು ತೀರಾ ಕಮ್ಮಿ, ಕೊಡುವಷ್ಟೂ ಕೆಂಪೇ. ತಿಳಿ ಬೂದು ಬಳಿದರೆ ಗೋಡೆಯ ಕೆಳಗಿನ ಎರಡಡಿ ಗುಲಾಬಿ ತಿರುಗುತ್ತದೆ. ಆಗ ಟಿಂಟಿಂಗ್ ಮೆಷಿನ್ ಹಾಳಾಗಿದೆ ಅಂತ ನಿಮ್ಮ ಮೇಲೆ ಬರುತ್ತಾರೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಇರುವ ಬೆಂಗಳೂರಿನ ಫ್ಲ್ಯಾಟ್ ಚಿತ್ರವನ್ನು ತಂದು ವಿರಾಜಪೇಟೆಯ ಹೆಂಚಿನ ಮನೆಯವರಿಗೆ ತೋರಿಸುವುದು ಇದಕ್ಕೇ ಬೇಡ ಅನ್ನುವುದು.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ರೂಮನ್ನು ಥ್ರೀಡಿಯಲ್ಲಿ ಕಟ್ಟಿಸಿ. ಫೋಟೋ ಮೇಲೆ ಬಣ್ಣ ತುಂಬುವುದು ಒಂದು ಆಫ್‌ವೈಟಿಗೂ ಇನ್ನೊಂದು ಆಫ್‌ವೈಟಿಗೂ ವ್ಯತ್ಯಾಸ ತೋರಿಸುವುದಕ್ಕೆ ನಡೆಯುತ್ತದೆ, ಅದಕ್ಕಿಂತ ಮುಂದೆ ಹೋದರೆ ಮೋಸ. ಬ್ಲೆಂಡರ್ ಅನ್ನುವ ಥ್ರೀಡಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಚಿತ್ರ ರೆಂಡರ್ ಮಾಡುವ Cycles ಬೆಳಕನ್ನು ನಿಜವಾಗಿಯೇ ಗೋಡೆಯಿಂದ ಗೋಡೆಗೆ ಬಡಿಸಿ ಲೆಕ್ಕ ಹಾಕುತ್ತದೆ. ಕ್ಯಾಮೆರಾ, ಆಕಾಶ, ಸಾಮಾನು ಯಾವುದನ್ನೂ ಮುಟ್ಟದೆ ಗೋಡೆಯ Base Color ಒಂದನ್ನೇ ಬದಲಾಯಿಸಿ ಆರು ಸಲ ರೆಂಡರ್ ಮಾಡಿಸಬೇಕು.

ಇಲ್ಲಿ ಕೆಡಿಸುವವರು ಕೆಡಿಸುವುದು ಎರಡು ಕಡೆ. ಒಂದು, ಲೆಕ್ಕ ಹಾಕಿದ ಬೆಳಕನ್ನು ಸ್ಕ್ರೀನಿನ ಬಣ್ಣಕ್ಕೆ ತಿರುಗಿಸುವ View Transform. ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ AgX ಅಂತ ಇರುತ್ತದೆ. ಸಿನಿಮಾ ನೋಟಕ್ಕೆ ಅದು ಚೆಂದ, ಆದರೆ ಬಣ್ಣವನ್ನು ಸ್ವಲ್ಪ ಸಪ್ಪೆ ಮಾಡುತ್ತದೆ. ಶೇಡ್ ತೋರಿಸುವ ಕೆಲಸಕ್ಕೆ Standard ಇಡಿ. ಕಿಟಕಿಯಾಚೆ ಬೆಳ್ಳಗೆ ಸುಟ್ಟುಹೋದ ಹಾಗೆ ಕಂಡರೆ ಕಾಣಲಿ ಬಿಡಿ, ನೀವು ಮಾರುತ್ತಿರುವುದು ತೋಟವನ್ನಲ್ಲ. ಎರಡು, ಕಂಪನಿ ಕೊಟ್ಟ ಬಣ್ಣದ ಸಂಖ್ಯೆಯನ್ನು ಹಾಕುವ ರೀತಿ. 200 ಅಂತ ಇದ್ದರೆ 255ರಿಂದ ಭಾಗಿಸಿ 0.78 ಅಂತ RGB ಖಾನೆಗೆ ತುಂಬುತ್ತಾರೆ. ಆ ಖಾನೆ ಸಾಮಾನ್ಯವಾಗಿ ಕೇಳುವುದು ಬೆಳಕಿನ ನೇರ ಅಳತೆ, ಸ್ಕ್ರೀನಿನ ಸಂಖ್ಯೆಯಲ್ಲ. ಹಾಗಾಗಿ ಪ್ರತಿ ಶೇಡೂ ತೊಳೆದಿಟ್ಟ ಹಾಗೆ ತೆಳುವಾಗಿ ಬರುತ್ತದೆ. ಅದೇ ಬಣ್ಣದ Hex ಕೋಡನ್ನು Hex ಖಾನೆಗೆ ಹಾಕಿದರೆ ಅದೇ ಸರಿಯಾಗಿ ಬದಲಾಯಿಸಿಕೊಳ್ಳುತ್ತದೆ.

Exposure ವಿಷಯದಲ್ಲಿ ನಾನು ಹಠಮಾರಿ. ಆರರಲ್ಲಿ ಅತಿ ತಿಳಿಯಾದ ಶೇಡ್ ಹಾಕಿ, ಅದರ ಗೋಡೆ ಸುಟ್ಟುಹೋಗದ ಹಾಗೆ ಒಂದು ಸಲ ಹೊಂದಿಸಿ. ಆಮೇಲೆ ಮುಟ್ಟಬಾರದು. ಗಾಢ ಶೇಡಿನ ಚಿತ್ರ ಕಪ್ಪಾಗಿ ಬಂದ ಕೂಡಲೇ ಮಾಡುವವರ ಕೈ ತುರಿಸುತ್ತದೆ, "ಸ್ವಲ್ಪ ಬ್ರೈಟ್ ಮಾಡಿದ್ದೇನೆ ಸರ್" ಅಂತಾರೆ. ಅಲ್ಲಿಗೆ ಕೆಲಸ ಕೆಟ್ಟಿತು.

ಪರೀಕ್ಷೆ ಮಾಡುವುದು ಸುಲಭ. ಕಿಟಕಿಯ ಹೊರಗಡೆಯ ಹಲಗೆ ಅಥವಾ ಜಗಲಿಯ ಕಂಬ ಚಿತ್ರದಲ್ಲಿ ಸ್ವಲ್ಪ ಕಾಣುವ ಹಾಗೆ ಕ್ಯಾಮೆರಾ ಇಡಿಸಿ, ಅದಕ್ಕೆ ಗಾಢ ಬೂದು ಬಣ್ಣ ಕೊಡಿಸಿ, ಸುಟ್ಟುಹೋಗಬಾರದಲ್ವಾ. ಆರೂ ಚಿತ್ರವನ್ನು ಗಿಂಪ್ ಅನ್ನುವ ಫೋಟೋ ಸಾಫ್ಟ್‌ವೇರ್‌ನಲ್ಲಿ ತೆರೆದು, ಬಣ್ಣ ಹೆಕ್ಕುವ ಸಲಕರಣೆಯಿಂದ ಆ ಒಂದು ಜಾಗವನ್ನು ಮುಟ್ಟಿ ನೋಡಿ. ಸಂಖ್ಯೆ ಆರರಲ್ಲೂ ಹೆಚ್ಚುಕಡಿಮೆ ಒಂದೇ ಬರಬೇಕು, ಯಾಕೆಂದರೆ ಹೊರಗಿನ ಬೆಳಕು ಬದಲಾಗಿಲ್ಲ. ಈಗ ಸೀಲಿಂಗಿನ ಮೂಲೆ ಮುಟ್ಟಿ. ಆ ಸಂಖ್ಯೆ ಶೇಡಿನಿಂದ ಶೇಡಿಗೆ ಬದಲಾಗಬೇಕು. ಗಾಢವಾದಷ್ಟೂ ಇಳಿಯಬೇಕು, ಗೋಡೆ ಹಸಿರಾದರೆ ಸೀಲಿಂಗಿಗೂ ಒಂದು ಎಳೆ ಹಸಿರು ಹತ್ತಬೇಕು. ಹೊರಗಿನದು ಬದಲಾಗಿ ಸೀಲಿಂಗ್ ಹಾಗೇ ಇದ್ದರೆ ದುಡ್ಡು ಕೊಡಬೇಡಿ.

ಇನ್ನು, ಯಾವ ಹಗಲು? ನಮ್ಮಲ್ಲಿ ಜನ ಪೇಂಟ್ ಹೊಡೆಸುವುದು ಮಳೆ ನಿಂತ ಮೇಲೆ, ಪುತ್ತರಿಗೆ ಮೊದಲು. ಇಲ್ಲವಾದರೆ ಬೇಸಗೆಯ ಮದುವೆ ಸಮಯ. ಆಯ್ಕೆ ಮಾಡುವುದು ಬಿಸಿಲಿನಲ್ಲಿ, ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂರುವುದು ಮೋಡದ ಬೆಳಕಿನಲ್ಲಿ. ಅದಕ್ಕೆ ನಾನು ಮೋಡದ ಆಕಾಶವೇ ಇಡಿ ಅನ್ನುತ್ತೇನೆ, ಸೂರ್ಯ ಬೇಡವೇ ಬೇಡ. ಪೂರ್ತಿ ಮೋಡ ಕವಿದ ಆಕಾಶ ನೆತ್ತಿಯ ಮೇಲೆ ಇರುವಷ್ಟು ಬೆಳಕು ದಿಗಂತದ ಕಡೆ ಇರುವುದಿಲ್ಲ, ಅಲ್ಲಿ ಸುಮಾರು ಮೂರನೇ ಒಂದು ಭಾಗ. ಹೆಂಚಿನ ಮನೆಯ ಉದ್ದ ಸೂರು ಆ ನೆತ್ತಿಯ ಭಾಗವನ್ನೇ ಮರೆಮಾಡುತ್ತದೆ. ಉಳಿದ ದಿಗಂತದಲ್ಲಿ ಸಿಲ್ವರ್ ಓಕ್, ಕಾಫಿ ಗಿಡ. ಸೂರನ್ನೂ ಹೊರಗಿನ ಹಸಿರನ್ನೂ ಮಾದರಿಯಲ್ಲಿ ಹಾಕಿಸದಿದ್ದರೆ ಅದು ಕೊಡಗಿನ ಹಾಲ್ ಅಲ್ಲ. ಇಷ್ಟು ಮಾಡಿದರೆ ನಿಮ್ಮ ಚಿತ್ರಗಳು ಮೊದಲಿನಷ್ಟು ಚೆಂದ ಕಾಣುವುದಿಲ್ಲ, ಗಾಢ ಶೇಡ್ ಸ್ವಲ್ಪ ಕಮ್ಮಿ ಹೋಗಬಹುದು. ಜಗಳವೂ ಕಮ್ಮಿ ಆಗುತ್ತದೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರಶ್ನೆ: ಉತ್ತರದ ಕಿಟಕಿ ಇರುವ ರೂಮಲ್ಲಿ ಬಿಸಿಲೇ ಬೀಳಲ್ಲ, ಫೋಟೋ ಯಾವಾಗ ತೆಗೆದರೂ ಒಂದೇ ಅಂತಾರೆ, ನಿಜವಾ?
– ಸೋಮವಾರಪೇಟೆ

ಇಂಗ್ಲೆಂಡಿನಲ್ಲಿ ಕೂತು ಬರೆದ ಪಾಠ ಓದಿದವರು ಹೇಳುವ ಮಾತು. ನಾವಿರುವುದು ಉತ್ತರಕ್ಕೆ 12 ಡಿಗ್ರಿ ಚಿಲ್ಲರೆಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆಯಂತೂ ಇನ್ನೂ ಉತ್ತರಕ್ಕೆ ಸರಿದಿರುತ್ತಾನೆ. ಮೇ ತಿಂಗಳ ಬೆಳಗ್ಗೆ ಉತ್ತರದ ಕಿಟಕಿಯಲ್ಲಿ ಬಿಸಿಲು ಕಂಡರೆ ಗಾಬರಿಯಾಗಬೇಡಿ. ಡಿಸೆಂಬರ್‌ನಲ್ಲಿ ತೆಗೆಯಿರಿ, ಆಗ ಆ ಮಾತು ನಡೆಯುತ್ತದೆ.

ಪ್ರಶ್ನೆ: ಒಬ್ಬರು ಬಂದು, ಈ ಸಾಫ್ಟ್‌ವೇರ್ ಹಾಕಿಸಿದರೆ ಸ್ಕ್ರೀನಲ್ಲಿ ಕಂಡದ್ದೂ ಗೋಡೆ ಮೇಲೆ ಬರುವುದೂ ನೂರಕ್ಕೆ ನೂರು ಮ್ಯಾಚ್, ಗ್ಯಾರಂಟಿ ಅಂತಿದ್ದಾರೆ. ತಗೊಳ್ಳಬಹುದಾ?
– ಕುಶಾಲನಗರ

ಮಾರಾಯ್ರೆ, ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ನಿಮ್ಮ ಟಿವಿ ವಿವಿಡ್ ಮೋಡ್‌ನಲ್ಲಿದೆ, ತಲೆ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದೆ, ಗಿರಾಕಿ ಅದನ್ನೇ ಮೊಬೈಲಲ್ಲಿ ಫೋಟೋ ಹೊಡೆದು ಹೆಂಡತಿಗೆ ವಾಟ್ಸಾಪ್ ಮಾಡುತ್ತಾರೆ. ಇದರಲ್ಲಿ ಯಾವುದಕ್ಕೆ ಗ್ಯಾರಂಟಿ? ಚಿತ್ರ ಇರುವುದು ಆರು ಶೇಡ್‌ನಲ್ಲಿ ನಾಲ್ಕನ್ನು ಬಿಡಿಸುವುದಕ್ಕೆ. ಉಳಿದ ಎರಡರಲ್ಲಿ ಪ್ರತಿಯೊಂದನ್ನೂ ಚಿಕ್ಕ ಡಬ್ಬಿ ತಂದು, ಕಿಟಕಿಯ ಗೋಡೆಗೊಂದು, ಎದುರು ಗೋಡೆಗೊಂದು, ಎರಡೆರಡು ಅಡಿ ಚೌಕ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ ಮೇಲೆ ನೋಡಬೇಕು. ಹಸಿ ಇರುವಾಗ ನೋಡಿ ತೀರ್ಮಾನ ಮಾಡಬೇಡಿ.

ಪ್ರಶ್ನೆ: ಚಿತ್ರವನ್ನು ಸಂಜೆಯ ಹೊಂಬಿಸಿಲಲ್ಲಿ ಮಾಡಿಸಿದರೆ ಚೆನ್ನಾಗಿ ಕಾಣಲ್ವಾ?
– ಮಡಿಕೇರಿ

ಕಾಣುತ್ತದೆ, ಆರೂ ಶೇಡ್ ಒಂದೇ ಥರ ಹಳದಿಯಾಗಿ ಕಾಣುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಗೋಡೆಗೆ ಬರುವ ಬೂಷ್ಟು ಕಾಣದ ಹಾಗೆ ಯಾವ ಶೇಡ್ ಹೊಡೆಸಬೇಕು?
– ನಾಪೋಕ್ಲು

ಯಾವುದೂ ಇಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿಸಿ.

ಪ್ರಶ್ನೆ: ವಾಸ್ತು ಪ್ರಕಾರ ಈಶಾನ್ಯದ ಗೋಡೆಗೆ ಯಾವ ಬಣ್ಣ ಅಂತ ಚಿತ್ರದಲ್ಲೇ ತೋರಿಸಬಹುದಾ?
– ಸಿದ್ದಾಪುರ

ಈ ಪ್ರಶ್ನೆ ನನಗೆ ಕಳಿಸಬೇಡಿ.